ಮೂರು ನೋಟ್‌ಬುಕ್ಕಿನ ತಲೆನೋವು

ನರರೋಗ ತಜ್ಞರ ಕ್ಲಿನಿಕ್ಕಿನಿಂದ ಫೋನು ಬಂದಾಗ ಅತ್ತಿಗೆ ತಲೆನೋವಿನಲ್ಲಿ ಮಲಗಿದ್ದರು. ಹಾಗಾಗಿ ಮಾತಾಡಿದ್ದು ಅಣ್ಣ. ಮೂರೂವರೆ ತಿಂಗಳು ಕಾದ ಮೇಲೆ ಸರದಿ ಬಂದಿದೆ, ಬರುವ ಗುರುವಾರ ಹನ್ನೊಂದು ಗಂಟೆಗೆ ಎಂದು ನರ್ಸ್ ಹೇಳಿದಳು. ತಲೆನೋವಿನ ಡೈರಿ ಇದೆಯಾ ಎಂದು ಕೇಳಿದ್ದಕ್ಕೆ, ಇದೆ, ಮೂರು ನೋಟ್‌ಬುಕ್ ತುಂಬ ಇದೆ ಎಂದು ಅಣ್ಣ ಹೆಮ್ಮೆಯಿಂದಲೇ ಹೇಳಿದ. ಆಮೇಲೆ ಅವಳು ಮೆತ್ತಗೆ, ಡಾಕ್ಟರಿಗೆ ಒಬ್ಬೊಬ್ಬರ ಜೊತೆ ಇರೋದು ಇಪ್ಪತ್ತು ನಿಮಿಷ, ಕೊನೆಯ ಆರು ತಿಂಗಳದ್ದನ್ನು ಒಂದೇ ಒಂದು ಪುಟಕ್ಕೆ ಇಳಿಸಿಕೊಂಡು ಬನ್ನಿ ಎಂದಳು. ಏನೇನು ಬೇಕು ಎನ್ನುವುದನ್ನೂ ಬರೆಸಿದಳು.

ಅಣ್ಣ ಫೋನಿಟ್ಟವನೇ ನೋಟ್‌ಬುಕ್ಕುಗಳನ್ನು ಚೀಲಕ್ಕೆ ಹಾಕಿಕೊಂಡು ತಂಗಿಯ ಮನೆಗೆ ಬಂದ.

ತಂಗಿಗೆ ಐವತ್ತೊಂದು ವರ್ಷ. ಕೋರ್ಟಿನ ಕಚೇರಿಯಲ್ಲಿ ಅವಳನ್ನು ಎಲ್ಲರೂ ಮೇಡಂ ಎನ್ನುತ್ತಾರೆ, ಹಳೇ ವಕೀಲರೂ ಅವಳ ಮೇಜಿನ ಹತ್ತಿರ ಬಂದಾಗ ದನಿ ತಗ್ಗಿಸುತ್ತಾರೆ. ಸಾವಿರ ಪುಟದ ಕಡತ ಓದಿ ನ್ಯಾಯಾಧೀಶರಿಗೆ ಎರಡು ಪುಟದ ಸಾರಾಂಶ ಮಾಡಿಕೊಡುವುದು ಇಪ್ಪತ್ತಾರು ವರ್ಷದಿಂದ ಅವಳ ಕೆಲಸ. ಆದರೆ ಅಣ್ಣನ ಬಾಯಲ್ಲಿ ಮಾತ್ರ ಅವಳು ಇನ್ನೂ ಪುಟ್ಟಿ.

"ಇದು ನಿನ್ನ ಕೈಯಲ್ಲೇ ಆಗಬೇಕು ಪುಟ್ಟಿ," ಎಂದ ಅಣ್ಣ. "ನಾನು ಕೂತರೆ ನಾಲ್ಕನೇ ನೋಟ್‌ಬುಕ್ ಆಗುತ್ತೆ ಅಷ್ಟೆ."

ಅತ್ತಿಗೆ ಒಪ್ಪಿದ್ದಾರಾ ಎಂದು ಪುಟ್ಟಿ ಕೇಳಿದಳು. ಒಪ್ಪಿದ್ದಾರೆ, ತಲೆ ಎತ್ತಲಾಗದೆ ಕೈ ಬೀಸಿ ಒಪ್ಪಿದ್ದಾರೆ ಎಂದ ಅಣ್ಣ.

ಶನಿವಾರ ಮಧ್ಯಾಹ್ನ ಊಟದ ಮೇಜು ಒರೆಸಿ, ದೊಡ್ಡ ಬಿಳಿ ಹಾಳೆ ಹಾಸಿ, ಪೆನ್ಸಿಲು ಚೂಪು ಮಾಡಿಕೊಂಡು ಪುಟ್ಟಿ ಕೂತಳು. ಅತ್ತಿಗೆ ಪುಸ್ತಕದ ಬೈಂಡಿಂಗ್ ಮಾಡುವವರು. ನೋಟ್‌ಬುಕ್ಕುಗಳನ್ನೂ, ಕೆಲಸದಲ್ಲಿ ಕತ್ತರಿಸಿ ಉಳಿದ ಕಾಗದದ ಅಂಚುಗಳಿಂದ ತಾವೇ ಹೊಲಿದಿದ್ದರು. ಬೆನ್ನಿಗೆ ನೀಲಿ ಬಟ್ಟೆ, ಮೂಲೆ ಒಂದಿಷ್ಟೂ ಸೊಟ್ಟಗಿಲ್ಲ. ಒಳಗೆ ಪ್ರತಿ ಪುಟಕ್ಕೂ ಏಳು ಕಾಲಂ: ತಾರೀಕು, ಶುರುವಾದ ಹೊತ್ತು, ತಲೆಯ ಯಾವ ಕಡೆ, ಹತ್ತರಲ್ಲಿ ಎಷ್ಟು ನೋವು, ಯಾಕೆ ಬಂತು, ಯಾವ ಮಾತ್ರೆ ಎಷ್ಟು, ಯಾವಾಗ ಹೋಯಿತು. ನೋವು ನಾಲ್ಕೋ ಐದೋ ಇದ್ದ ದಿನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಎಂಟು ದಾಟಿದ ದಿನ ಸಾಲು ಪುಟದ ಬಲಕ್ಕೆ ಹೋಗುತ್ತಾ ಕೆಳಕ್ಕೆ ಜಾರುತ್ತಿತ್ತು.

ನರ್ಸ್ ಬರೆಸಿದ ಪಟ್ಟಿಯಲ್ಲಿ ಮೊದಲು ಇದ್ದದ್ದು ತಿಂಗಳಿಗೆ ಎಷ್ಟು ದಿನ ತಲೆನೋವು ಎನ್ನುವುದು. ಪುಟ್ಟಿ ಎಣಿಸಿದಳು, ಒಂದು ಗಂಟೆ ಹಿಡಿಯಿತು. ಎಣಿಸಿ ಮುಗಿಸಿದ ಮೇಲೆ ತಾನು ಎಣಿಸಿದ್ದು ಎಷ್ಟು ಸಲ ಬಂತು ಎಂದು, ಎಷ್ಟು ದಿನ ಇತ್ತು ಎಂದಲ್ಲ ಎಂಬುದು ಹೊಳೆಯಿತು. ಮಂಗಳವಾರ ಸಂಜೆ ಶುರುವಾಗಿ ಗುರುವಾರ ಬೆಳಿಗ್ಗೆ ಹೋದ ನೋವು ಒಂದು ಸಲ, ಆದರೆ ಮೂರು ದಿನ. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ. ಮಾತ್ರೆಯಲ್ಲೂ ಹಾಗೇ ಆಯಿತು. ನೂರ ನಲವತ್ತೊಂದು ಮಾತ್ರೆ ಎಂದು ಬರೆದ ಮೇಲೆ ಪಟ್ಟಿ ನೋಡಿದರೆ, ನರ್ಸ್ ಕೇಳಿದ್ದು ಮಾತ್ರೆ ತೆಗೆದುಕೊಂಡ ದಿನಗಳನ್ನು. ಒಂದೇ ದಿನ ಮೂರು ನುಂಗಿದರೂ ಅದು ಒಂದೇ ದಿನ. ಕಚೇರಿಯಲ್ಲಿ ಕಿರಿಯರು ಇಂಥ ತಪ್ಪು ಮಾಡಿದರೆ ಅವಳು ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಈಗ ನೋಡಲು ಯಾರೂ ಇರಲಿಲ್ಲ, ಚಹಾ ಮಾಡಿಕೊಂಡು ಬಂದು ಮತ್ತೆ ಕೂತಳು.

ಕೊನೆಗೆ 'ಯಾಕೆ ಬಂತು' ಎಂಬ ಕಾಲಂ. ಓದಲು ರುಚಿಯಾಗಿದ್ದದ್ದು ಅದೇ. ಊಟ ತಪ್ಪಿತು. ನಿದ್ದೆ ಇಲ್ಲ. ಮುಟ್ಟಿನ ಹಿಂದಿನ ದಿನ. ಅಂಟಿನ ವಾಸನೆ. ಬಿಸಿಲು. ನಿನ್ನೆ ಸಿಹಿ ತಿಂದೆ. ಅಲ್ಲಲ್ಲಿ ಬರೀ ಪ್ರಶ್ನೆಚಿಹ್ನೆ. ಪುಟ್ಟಿ ಒಂದೊಂದಕ್ಕೂ ಒಂದು ಗೆರೆ ಎಳೆಯುತ್ತಾ ಹೋದಳು. ಒಂದು ಭಾನುವಾರದ ಎದುರು ಬಂದಾಗ ಪೆನ್ಸಿಲು ನಿಂತಿತು.

'ಪುಟ್ಟಿ' ಎಂದು ಬರೆದಿತ್ತು. ಅಷ್ಟೇ. ಬಿಸಿಲು, ಅಂಟು ಎಂದು ಬರೆದ ಹಾಗೆಯೇ.

ಅವಳು ಪುಟ ತಿರುಗಿಸಿದಳು. ಎರಡು ವಾರ ಬಿಟ್ಟು ಇನ್ನೊಂದು ಭಾನುವಾರ, ಪುಟ್ಟಿ. ಅದರ ಮುಂದಿನ ಭಾನುವಾರ, ಪುಟ್ಟಿ, ನಿದ್ದೆಯೂ ಸಾಲದು. ಆರು ತಿಂಗಳಲ್ಲಿ ಹನ್ನೊಂದು ಸಲ.

ಆರು ವರ್ಷದ ಹಿಂದೆ ಗಂಡ ತೀರಿಹೋದಾಗಿನಿಂದ ಅವಳು ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಅಣ್ಣನ ಮನೆಗೆ ಹೋಗುತ್ತಿದ್ದಳು. ಊಟ ಮಾಡಿ, ವಾರದ ಕೋರ್ಟಿನ ಸುದ್ದಿಯೆಲ್ಲ ಹೇಳಿ, ನಾಲ್ಕಕ್ಕೆ ಹೊರಡುತ್ತಿದ್ದಳು. ವಾರದಲ್ಲಿ ಅವಳು ಎದುರು ನೋಡುತ್ತಿದ್ದ ದಿನ ಅದೊಂದೇ. ಅತ್ತಿಗೆ ಬಾಗಿಲಲ್ಲಿ ನಿಂತು ನಗುತ್ತಾ ಒಳಗೆ ಕರೆಯುತ್ತಿದ್ದರು. ಆ ನಗುವಿನ ಹಿಂದೆ ಇದಿತ್ತೇ ಎಂದುಕೊಂಡಾಗ ಕಿವಿ ಬಿಸಿಯಾಯಿತು. ಎದ್ದು ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದಳು.

ವಾಪಸು ಬಂದಾಗ ಅವಳಿಗೆ ಮೊದಲು ತೋಚಿದ್ದು ಆ ಸಾಲನ್ನೇ ಬಿಟ್ಟುಬಿಡುವುದು. ಡಾಕ್ಟರಿಗೆ ಪುಟ್ಟಿ ಯಾರೆಂದು ಏನು ಗೊತ್ತು? 'ಇತರೆ' ಎಂದು ಹಾಕಿದರೆ ಮುಗಿಯಿತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ ಕೈ ಹಿಡಿದು ನಿಲ್ಲಿಸಿತು. ಸಾರಾಂಶ ಬರೆಯುವವನಿಗೆ ಕಡತದ ಮೇಲೆ ಸಿಟ್ಟು ಬಂದರೂ ಕಡತದಲ್ಲಿರುವುದನ್ನು ನುಂಗುವ ಹಕ್ಕಿಲ್ಲ. ಹಾಗೆಂದು ಒಬ್ಬರು ಹೇಳಿದ್ದನ್ನೇ ತೀರ್ಪೆಂದು ಬರೆಯಬೇಕಾಗಿಯೂ ಇಲ್ಲ. ಸಾಕ್ಷಿಯನ್ನು ತೂಗಿ ನೋಡಬೇಕು.

ತನ್ನ ಕೈಚೀಲದ ಪುಟ್ಟ ಡೈರಿ ತೆಗೆದಳು. ಆರು ತಿಂಗಳಲ್ಲಿ ಇಪ್ಪತ್ತಾರು ಭಾನುವಾರ. ತಾನು ಹೋಗಿದ್ದು ಇಪ್ಪತ್ತಮೂರು. ಅದರಲ್ಲಿ ಹನ್ನೊಂದು ದಿನ ಅತ್ತಿಗೆಗೆ ತಲೆನೋವು. ಅಂದರೆ ಹೆಚ್ಚುಕಡಿಮೆ ಎರಡಕ್ಕೊಂದು. ಇನ್ನು ಎಲ್ಲ ದಿನ ಸೇರಿಸಿದರೆ? ನೂರ ಎಂಬತ್ತಮೂರು ದಿನದಲ್ಲಿ ಎಂಬತ್ತಾರು ದಿನ ನೋವು. ಅದೂ ಹೆಚ್ಚುಕಡಿಮೆ ಎರಡಕ್ಕೊಂದು. ಪುಟ್ಟಿ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ತಾನು ಹೋದಾಗ ನೋವಿಲ್ಲದ ಹನ್ನೆರಡು ಭಾನುವಾರಗಳು ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ, ಯಾಕೆಂದರೆ ನೋವಿಲ್ಲದ ದಿನ ಯಾರೂ ಡೈರಿ ಬರೆಯುವುದಿಲ್ಲ. ಶುರುವಾದ ಹೊತ್ತನ್ನೂ ನೋಡಿದಳು. ಹನ್ನೊಂದರಲ್ಲಿ ಏಳು ದಿನ ನೋವು ಹಿಡಿದದ್ದು ಬೆಳಿಗ್ಗೆ ಆರಕ್ಕೆ, ಏಳಕ್ಕೆ. ಪುಟ್ಟಿ ಆಗಿನ್ನೂ ಹಲ್ಲೂ ಉಜ್ಜಿರಲಿಲ್ಲ.

ಹಗುರವಾಯಿತು. ಬಿಡುಗಡೆಯಾದ ಆರೋಪಿಯ ಹಾಗೆ ಕುರ್ಚಿಗೆ ಒರಗಿದಳು. ಆ ಹಗುರ ಅರ್ಧ ಗಂಟೆಯೂ ಬಾಳಲಿಲ್ಲ.

ಮಾತ್ರೆಯ ದಿನಗಳನ್ನು ನೋವಿನ ದಿನಗಳ ಕೆಳಗೆ ಬರೆದಾಗ ಹಾಳೆ ಹೀಗಾಯಿತು. ಮೊದಲ ತಿಂಗಳು ನೋವು ಒಂಬತ್ತು ದಿನ, ಮಾತ್ರೆ ಏಳು ದಿನ. ಆಮೇಲೆ ಹನ್ನೊಂದಕ್ಕೆ ಹತ್ತು. ಹದಿಮೂರಕ್ಕೆ ಹನ್ನೆರಡು. ಹದಿನಾರಕ್ಕೆ ಹದಿನೈದು. ಹದಿನೆಂಟಕ್ಕೆ ಹದಿನಾರು. ಕಳೆದ ತಿಂಗಳು ಹತ್ತೊಂಬತ್ತಕ್ಕೆ ಹದಿನೆಂಟು. ಎರಡೂ ಕೈ ಕೈ ಹಿಡಿದುಕೊಂಡು ಏಣಿ ಹತ್ತುತ್ತಿದ್ದವು. ಆದರೆ ಹಾಸಿಗೆಯಿಂದ ಏಳಲಾಗದಷ್ಟು ಕೆಟ್ಟ ದಿನಗಳು ನಾಲ್ಕರಿಂದ ಆರಕ್ಕೆ ಏರಿದ್ದವು ಅಷ್ಟೆ. ಹೆಚ್ಚಾದದ್ದೆಲ್ಲ ಬೆಳಿಗ್ಗೆ ಎದ್ದಾಗಲೇ ಇರುವ, ಮಂದವಾದ, ಇಡೀ ತಲೆಗೆ ಪಟ್ಟಿ ಕಟ್ಟಿದಂಥ ನೋವು. ಕಾರಣದ ಜಾಗದಲ್ಲಿ ಪ್ರಶ್ನೆಚಿಹ್ನೆ ಇದ್ದದ್ದು ಅವಕ್ಕೇ.

ಪುಟದ ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳೂ ಇದ್ದವು. 'ನಾಳೆ ಆರ್ಡರ್ ಕೊಡಬೇಕು, ಮುಂಚೆಯೇ ಒಂದು.' ನೋವು ಬರುವ ಮೊದಲೇ ನುಂಗಿದ ಮಾತ್ರೆ. ಅಂಥವು ಒಂಬತ್ತು. ಅವುಗಳಲ್ಲಿ ನಾಲ್ಕು ಭಾನುವಾರ ಬೆಳಗಿನವು. 'ಪುಟ್ಟಿ ಬರ್ತಾಳೆ, ಮುಂಚೆಯೇ ಒಂದು.'

ನೋವಿಗೆ ತಾನು ಕಾರಣವಲ್ಲ ಎಂದು ಅಂಕಿಗಳಿಂದ ತೋರಿಸಿಕೊಂಡಿದ್ದಳು. ಮಾತ್ರೆಗೆ?

ಮರುದಿನ ಭಾನುವಾರ. ಹೋಗುವುದೋ ಬೇಡವೋ ಎಂದು ಹತ್ತೂವರೆಯವರೆಗೆ ಹೊಯ್ದಾಡಿ, ಹೋದಳು. ಅಣ್ಣ ಮನೆಯಲ್ಲಿರಲಿಲ್ಲ. ಅತ್ತಿಗೆ ಮುಂದಿನ ಕೋಣೆಯಲ್ಲಿ, ಅವರ ಬೈಂಡಿಂಗಿನ ಮೇಜಿನ ಮುಂದೆ ಇದ್ದರು. ಒತ್ತುಯಂತ, ದಾರದ ಉಂಡೆಗಳು, ಸೂಜಿ ಚುಚ್ಚಿಟ್ಟ ಮೇಣದ ತುಂಡು. ಕಿಟಕಿಗೆ ದಪ್ಪ ಪರದೆ. ಮುಖ ಬಿಳಿಚಿಕೊಂಡಿತ್ತು, ಆದರೂ ನಕ್ಕರು.

ಮೊದಲು ಡೈರಿಯಲ್ಲಿ ಇಲ್ಲದ್ದನ್ನು ಕೇಳಿ ತುಂಬಿಸಿಕೊಳ್ಳಬೇಕಿತ್ತು. ತಲೆನೋವು ಬಾರದಿರಲಿ ಎಂದು ದಿನವೂ ತೆಗೆದುಕೊಳ್ಳುವ ಔಷಧ ಹಿಂದೆ ಯಾವುದಾದರೂ ಕೊಟ್ಟಿದ್ದರಾ, ಎಷ್ಟು ದಿನ, ಯಾಕೆ ಬಿಟ್ಟಿರಿ. ಅತ್ತಿಗೆ ಗುಂಡಿಗಳ ಡಬ್ಬಿಯಿಂದ ಹಳೇ ಚೀಟಿಗಳನ್ನು ತೆಗೆದರು. ಎರಡು ಕೊಟ್ಟಿದ್ದರು, ಎರಡೂ ನಾಟಲಿಲ್ಲ ಎಂದರು. ಬಿಡಿಸಿ ಕೇಳಿದಾಗ, ಒಂದನ್ನು ನಾಲ್ಕು ತಿಂಗಳು ತೆಗೆದುಕೊಂಡಿದ್ದರು, ಸ್ವಲ್ಪ ಕಡಿಮೆಯಾಗಿತ್ತು, ಬೆಳಿಗ್ಗೆಯೆಲ್ಲ ತೂಕಡಿಕೆ ಎಂದು ಬಿಟ್ಟಿದ್ದರು. ಇನ್ನೊಂದನ್ನು ತೆಗೆದುಕೊಂಡದ್ದು ಹನ್ನೆರಡೇ ದಿನ. ಪುಟ್ಟಿ 'ನಾಟಲಿಲ್ಲ' ಎಂದು ಬರೆಯಲಿಲ್ಲ. ಹೆಸರು, ಪ್ರಮಾಣ, 'ಹನ್ನೆರಡು ದಿನ, ಸುಸ್ತು' ಎಂದು ಬರೆದಳು. ಡೈರಿಯಲ್ಲಿ ಮೂರು ಕಡೆ ಇದ್ದ 'ಮಿಣುಕು' ಏನೆಂದು ಕೇಳಿದಾಗ, ನೋವಿಗೆ ಮುಂಚೆ ಇಪ್ಪತ್ತು ನಿಮಿಷ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು ಹರಿದಾಡುತ್ತದೆ ಎಂದರು ಅತ್ತಿಗೆ. ಅದೂ ಹಾಳೆಗೆ ಬಂತು.

ಆಮೇಲೆ ಪುಟ್ಟಿ ಹಾಳೆಯನ್ನು ಅವರ ಕಡೆ ತಿರುಗಿಸಿದಳು. ಅತ್ತಿಗೆ ಓದಿದರು. ಮಾತ್ರೆಯ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

"ಇದು ಬೇಡ," ಎಂದರು. "'ಬೇಕಾದಾಗ ತಗೋತಾರೆ' ಅಂತ ಹಾಕು."

"ಯಾಕೆ ಅತ್ತಿಗೆ? ನೀವೇ ಬರೆದಿರೋದಲ್ವಾ?"

"ಒಂದೊಂದಾಗಿ ಬರೆಯೋವಾಗ ಇಷ್ಟು ಅನ್ನಿಸಿರಲಿಲ್ಲ." ಅವರು ಹಾಳೆಯನ್ನು ಬೋರಲು ಹಾಕಿದರು. "ಇದನ್ನ ನೋಡಿದ್ರೆ ಆ ಡಾಕ್ಟರು ಮಾತ್ರೆ ನಿಲ್ಲಿಸಿಬಿಡ್ತಾರೆ. ಅದೊಂದೇ ನನ್ನ ಕೈಯಲ್ಲಿರೋದು, ಪುಟ್ಟಿ. ಅದೂ ಇಲ್ದೇ ಇದ್ರೆ ನಾನು ಏನು ಮಾಡ್ಲಿ?"

ಆ ದನಿಯಲ್ಲಿದ್ದ ಭಯ ಪುಟ್ಟಿಗೆ ಹೊಸದು. ಅತ್ತಿಗೆ ಎಂದರೆ ನೋವಿದ್ದರೂ ಸೂಜಿ ಬಿಡದವರು ಎಂದೇ ಅವಳು ತಿಳಿದದ್ದು. ಇನ್ನು ಹೇಳದೆ ಇರುವುದರಲ್ಲಿ ಅರ್ಥವಿಲ್ಲ ಎನ್ನಿಸಿತು.

"ಹಾಗಾದ್ರೆ ನನ್ನನ್ನೂ ಹೊಡೆದುಹಾಕ್ತೀನಿ," ಎಂದಳು. "ಹನ್ನೊಂದು ಸಲ ಇದ್ದೀನಿ ನಾನು. ಬಿಸಿಲಿನ ಕೆಳಗೆ, ಅಂಟಿನ ಮೇಲೆ."

ಅತ್ತಿಗೆ ಅರ್ಥವಾಗದವರಂತೆ ನೋಡಿದರು. ನಿಧಾನವಾಗಿ ಅರ್ಥವಾಯಿತು, ಕುತ್ತಿಗೆಯಿಂದ ಕೆಂಪು ಏರಿತು. ಹಾಗೆ ಬರೆದದ್ದು ನೆನಪೇ ಇರಲಿಲ್ಲ, ನೋವಲ್ಲಿ ಕೈಗೆ ಬಂದದ್ದು ಬರೆದೆ ಎಂದು ತೊದಲಿದರು. ಪುಟ್ಟಿ ಅಂಚಿನ ಟಿಪ್ಪಣಿಗಳನ್ನೂ ತೆಗೆದು ತೋರಿಸಿದಳು. ನಾನು ಬರೋದಕ್ಕೆ ಮುಂಚೆ ಮಾತ್ರೆ ನುಂಗುವಷ್ಟು ನಾನು ಭಾರವಾ ಎಂದು ಕೇಳಬೇಕೆಂದಿದ್ದಳು, ಅರ್ಧ ಮಾತ್ರ ಹೊರಬಂತು.

ಅತ್ತಿಗೆ ಸೂಜಿಯನ್ನು ಮೇಣಕ್ಕೆ ಚುಚ್ಚಿಟ್ಟರು.

"ಮಾವ, ಅತ್ತೆ ಹೋದ್ಮೇಲೆ ಈ ಮನೆಗೆ ಬರೋಳು ನೀನೊಬ್ಬಳೇ. ಬಂದಾಗೆಲ್ಲ ನಾನು ಕತ್ತಲೆ ಕೋಣೇಲಿ ಮಲಗಿದ್ರೆ ಎಷ್ಟು ದಿನ ಬರ್ತೀಯ? ಮೊದಮೊದಲು ಬರ್ತಾ ಇದ್ದ ನನ್ನ ಗೆಳತಿಯರೆಲ್ಲ ಹಾಗೇ ಬರೋದು ನಿಲ್ಲಿಸಿದ್ರು. ಅದಕ್ಕೆ ಬೆಳಿಗ್ಗೇನೇ ಒಂದು ತಗೊಂಡು, ಗಟ್ಟಿಯಾಗಿ ನಿಂತ್ಕೋತಿದ್ದೆ." ಸ್ವಲ್ಪ ತಡೆದು ಸೇರಿಸಿದರು: "ನೀನು ಜೋರಾಗಿ ಮಾತಾಡ್ತೀಯ. ಅದೂ ಸುಳ್ಳಲ್ಲ."

ಪುಟ್ಟಿಗೆ ಅಳುವೂ ನಗುವೂ ಒಟ್ಟಿಗೆ ಬಂದು ಯಾವುದೂ ಸರಿಯಾಗಿ ಆಗಲಿಲ್ಲ. ತಾನು ಜೋರಾಗಿ ಮಾತಾಡುವುದು ಹೌದು, ಕೋರ್ಟಿನಲ್ಲಿ ಬೇರೆಯವರ ದನಿ ತಗ್ಗುವುದು ಬಹುಶಃ ಅದಕ್ಕೇ ಇರಬೇಕು ಎಂದಳು. ಅತ್ತಿಗೆ ಬೋರಲು ಹಾಕಿದ್ದ ಹಾಳೆಯನ್ನು ತಾವೇ ಮಗುಚಿದರು. ಮಾತ್ರೆಯ ಸಾಲನ್ನೂ ಪುಟ್ಟಿಯ ಸಾಲನ್ನೂ ಇನ್ನೊಮ್ಮೆ ಓದಿದರು.

"ಇರಲಿ," ಎಂದರು ಕೊನೆಗೆ. "ನೀನು ಇದ್ದದ್ದು ಇದ್ದ ಹಾಗೆ ಬರೆದಿದ್ದೀಯ. ನನ್ನದೂ ಇರಲಿ."

ಗುರುವಾರ ಇಬ್ಬರೂ ಹೋದರು. ಡಾಕ್ಟರು ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಹಾಳೆಯನ್ನು ಮೇಲಿಂದ ಕೆಳಗೆ ಒಮ್ಮೆ ಓದಿ, ಪೆನ್ಸಿಲು ತೆಗೆದುಕೊಂಡು ಮಾತ್ರೆಯ ಸಾಲಿನ ಕೆಳಗೆ ಗೆರೆ ಎಳೆದರು. ಯಾವ ಮಾತ್ರೆ ಎಷ್ಟು ದಿನ ಎಂದು ಕೇಳುವ ಮೊದಲೇ ಅದು ಅಲ್ಲಿತ್ತು: ಅಂಗಡಿಯಲ್ಲಿ ಸಿಗುವ, ನೋವಿನ ಔಷಧಕ್ಕೆ ಕೆಫೀನ್ ಬೆರೆಸಿದ ಮಾತ್ರೆ ಕಳೆದ ತಿಂಗಳು ಹದಿನಾಲ್ಕು ದಿನ; ಮೈಗ್ರೇನಿಗೆಂದೇ ಹಿಂದಿನ ಡಾಕ್ಟರು ಬರೆದುಕೊಟ್ಟದ್ದು ನಾಲ್ಕು ದಿನ. 'ಮನೆಯವರ ಭೇಟಿ' ಎಂಬ ಸಾಲಿಗೆ ಬಂದಾಗ ಅವರ ಹುಬ್ಬು ಏರಿತು. ಅಲ್ಲಿ ಪುಟ್ಟಿ ಬರೆದದ್ದು: 'ಹನ್ನೊಂದು ಸಲ ನಮೂದಾಗಿದೆ, ಏಳು ಸಲ ನೋವು ಭೇಟಿಗೆ ಮುಂಚೆಯೇ ಶುರು. ಈ ಲೆಕ್ಕ ಮಾಡಿದ್ದು ಭೇಟಿಗೆ ಬರುವವಳೇ.' ಡಾಕ್ಟರು ಮೊದಲ ಸಲ ನಕ್ಕರು.

ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ಗೆರೆಯ ಮೇಲೆ ನಡೆಸಿದರು, ಬಿಪಿ ನೋಡಿದರು. ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿದೆ, ಈಗ ಸ್ಕ್ಯಾನ್ ಬೇಕಿಲ್ಲ ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಿಮಗೆ ಎರಡು ತಲೆನೋವು ಇದೆ. ಒಂದು ನಿಮ್ಮ ಹಳೇ ಮೈಗ್ರೇನ್. ಇನ್ನೊಂದು, ನನಗೆ ಅನ್ನಿಸೋದು, ಮಾತ್ರೆಯಿಂದಲೇ ಉಳ್ಕೊಂಡಿರೋದು. ಇಂಥ ಮಾತ್ರೆ ತಿಂಗಳಲ್ಲಿ ಹತ್ತು ದಿನ ಮುಟ್ಟಿ, ಹಾಗೇ ಮೂರು ತಿಂಗಳು ದಾಟಿದ್ರೆ ಹೀಗಾಗಬಹುದು. ಇದು ನಿಮ್ಮ ತಪ್ಪಲ್ಲ. ನೋವಿದ್ದೋರೇ ತಾನೇ ಮಾತ್ರೆ ತಗೊಳ್ಳೋದು?"

ಬಯ್ಗುಳಕ್ಕೆ ಸಿದ್ಧವಾಗಿ ಬಂದಿದ್ದ ಅತ್ತಿಗೆಗೆ ಆ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚಲಿಲ್ಲ.

ಅಂಗಡಿಯ ಮಾತ್ರೆ ಪೂರಾ ನಿಲ್ಲಿಸಬೇಕು, ಮೊದಲ ಎರಡು ಮೂರು ವಾರ ನೋವು ಹೆಚ್ಚೇ ಆಗಬಹುದು, ಅದಕ್ಕೆ ಹೆದರಿ ವಾಪಸು ಹೋಗಬೇಡಿ ಎಂದರು ಡಾಕ್ಟರು. ಹನ್ನೆರಡು ದಿನಕ್ಕೆ ಬಿಟ್ಟಿದ್ದ ಔಷಧ ಸೋತದ್ದಲ್ಲ, ಅದಕ್ಕೆ ಅವಕಾಶವೇ ಸಿಕ್ಕಿಲ್ಲ; ಕಡಿಮೆ ಪ್ರಮಾಣದಿಂದ ಮತ್ತೆ ಶುರುಮಾಡಿ ಎರಡು ಮೂರು ತಿಂಗಳು ನೋಡೋಣ ಎಂದರು. ಮೈಗ್ರೇನಿನ ಮಾತ್ರೆ ತೀರ ಜೋರಾದ ದಿನಕ್ಕೆ ಮಾತ್ರ, ವಾರಕ್ಕೆ ಎರಡು ದಿನ ಮೀರಬಾರದು. ಮುಂಚಿತವಾಗಿ ಒಂದು ಎಂಬುದು ಇನ್ನಿಲ್ಲ. ಹಿಂದಿನ ಸಂಜೆ ಸಿಹಿ ತಿನ್ನಬೇಕೆನಿಸುವುದು, ಆಕಳಿಕೆ ಬರುವುದು ಕಾರಣವಲ್ಲದೆಯೂ ಇರಬಹುದು, ಬಹಳ ಜನರಿಗೆ ಮೈಗ್ರೇನ್ ಶುರುವಾಗುವುದೇ ಹಾಗೆ ಎಂದರು. ಡೈರಿ ಬರೆಯಿರಿ, ಆದರೆ ನೋವಿಲ್ಲದ ದಿನವನ್ನೂ ಗುರುತು ಮಾಡಿ. 'ಯಾಕೆ' ಎಂಬ ಕಾಲಂ ಸದ್ಯಕ್ಕೆ ಬಿಡಿ.

ಮೊದಲ ಮೂರು ವಾರ ಡಾಕ್ಟರು ಹೇಳಿದ್ದಕ್ಕಿಂತ ಕೆಟ್ಟದಾಗಿದ್ದವು. ಎರಡನೇ ಭಾನುವಾರ ಪುಟ್ಟಿ ಹೋದಾಗ ಬಾಗಿಲು ತೆರೆದದ್ದು ಅಣ್ಣ. ಅತ್ತಿಗೆ ಬಾಗಿಲ ತನಕ ಬಂದಿರಲಿಲ್ಲ. ಕತ್ತಲೆ ಕೋಣೆಯಿಂದ ದನಿ ಮಾತ್ರ ಬಂತು.

"ಇವತ್ತು ಏಳೋಕಾಗಲ್ಲ ಪುಟ್ಟಿ. ನೀನು ಊಟ ಮಾಡಿ ಹೊರಡು ಬೇಕಾದ್ರೆ."

ಆರು ವರ್ಷದಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು. ಪುಟ್ಟಿ ಬಾಗಿಲಲ್ಲಿ ನಿಂತು, ಆದಷ್ಟು ಮೆಲ್ಲಗೆ, ನಾಲ್ಕಕ್ಕೇ ಹೊರಡೋದು, ನೀವು ಮಲಗಿ ಎಂದಳು. ಮುಂದಿನ ಕೋಣೆಯಲ್ಲಿ ಮಡಿಸಬೇಕಾದ ಹಾಳೆಗಳ ಕಟ್ಟು ಬಿದ್ದಿತ್ತು. ಕೂತು ಮಡಿಸತೊಡಗಿದಳು. ಅಣ್ಣ ಪೇಪರು ಓದಿದ, ಪುಟ ತಿರುಗಿಸುವಾಗಲೆಲ್ಲ ಸದ್ದು ಬೇಡವೆಂದು ಅವಳು ಕಣ್ಣು ಬಿಟ್ಟಳು, ಅವನು ಪೇಪರನ್ನು ಹಿತ್ತಲಿಗೆ ಒಯ್ದ.

ಮೊದಲ ತಿಂಗಳ ಎಣಿಕೆ ಇಪ್ಪತ್ತೆರಡು ದಿನ ನೋವು. ಎರಡನೆಯದು ಹದಿನಾಲ್ಕು. ಮೂರನೆಯದು ಒಂಬತ್ತು, ಮಾತ್ರೆ ಐದು ದಿನ. ಮೈಗ್ರೇನ್ ಪೂರ್ತಿ ಹೋಗುವುದಿಲ್ಲ, ಹೋಗುತ್ತದೆಂದು ಯಾರೂ ಮಾತು ಕೊಟ್ಟಿರಲಿಲ್ಲ. ಕೆಟ್ಟ ದಿನಗಳು ಬಂದೇ ಬಂದವು, ಗರಗಸದ ಬೆಳಕೂ ಒಮ್ಮೆ ಬಂತು. ಆದರೆ ಬೆಳಿಗ್ಗೆ ಎದ್ದು ತಲೆಯನ್ನು ಮುಟ್ಟಿ ನೋಡಿಕೊಳ್ಳದೆ ಮೊದಲು ಕಿಟಕಿ ತೆರೆಯುವ ದಿನಗಳು ಅತ್ತಿಗೆಗೆ ಬರತೊಡಗಿದವು.

ಆ ಎರಡನೇ ಭಾನುವಾರ ಮೂರೂವರೆಗೆ ಅವರು ಕೆದರಿದ ಕೂದಲಲ್ಲಿ, ಗೋಡೆ ಹಿಡಿದುಕೊಂಡು ಹೊರಗೆ ಬಂದರು. ನೋವು ಇನ್ನೂ ಐದಿದೆ ಎಂದು ಬೆರಳು ತೋರಿಸಿದರು. ಪುಟ್ಟಿಯ ಎದುರು ಕೂತು, ಅವಳು ಮಡಿಸಿಟ್ಟ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದು, ಪುಟ ಸಂಖ್ಯೆ ನೋಡಿದರು. ಇನ್ನೊಂದು ನೋಡಿದರು.

"ಎಲ್ಲ ತಲೆಕೆಳಗಾಗಿ ಮಡಿಸಿದ್ದೀಯಲ್ಲೇ," ಎಂದರು.

ಅವರ ಭುಜ ಅಲುಗತೊಡಗಿತು. ನಕ್ಕರೆ ತಲೆ ಸಿಡಿಯುತ್ತದೆಂದು ಎರಡೂ ಕೈಯಲ್ಲಿ ಹಣೆ ಒತ್ತಿ ಹಿಡಿದುಕೊಂಡು ಸದ್ದಿಲ್ಲದೆ ನಕ್ಕರು. ಪುಟ್ಟಿಯೂ ಸದ್ದಿಲ್ಲದೆ ನಕ್ಕಳು. ಆಮೇಲೆ ಇಬ್ಬರೂ ಸೇರಿ, ಒಂದೊಂದಾಗಿ, ಹಾಳೆಗಳನ್ನು ಬಿಡಿಸಿ ಸರಿಯಾಗಿ ಮಡಿಸತೊಡಗಿದರು. ಪುಟ್ಟಿ ಅವತ್ತು ಹೊರಟದ್ದು ಐದೂವರೆಗೆ.